ಲಿಮಿಟೆಡ್ ಕಂಪನಿಯ ಸಾಲ ಮನೆಬಾಗಿಲಿಗೆ ಬರುವ ದಾರಿಗಳು: ನನ್ನ ಅನುಭವ

ಸಣ್ಣ ಕಾರ್ಖಾನೆಗಳಿಗೆ ಪ್ರೈವೇಟ್ ಲಿಮಿಟೆಡ್ ಕಂಪನಿ ನೋಂದಣಿ ಮಾಡಿಸುವುದು, ಬ್ಯಾಂಕ್ ಸಾಲದ ಕಾಗದಪತ್ರ ಓದಿ ಹೇಳುವುದು, ವ್ಯವಹಾರ ಕೈಕೊಟ್ಟಾಗ ಕಂಪನಿ ಮುಚ್ಚುವ ಲೆಕ್ಕ ಹಾಕುವುದು ನನ್ನ ಕೆಲಸ. "ಲಿಮಿಟೆಡ್ ಅಂದಮೇಲೆ ಬ್ಯಾಂಕಿನವರು ನಮ್ಮ ಮನೆ ಮೇಲೆ ಹೇಗೆ ಬರ್ತಾರೆ ಸಾರ್?" ಅನ್ನುವ ಪ್ರಶ್ನೆ ಯಾವಾಗಲೂ ಮುಚ್ಚುವ ಹೊತ್ತಿಗೇ ಬರುತ್ತದೆ. ಉತ್ತರ ಮಾತ್ರ ಸಾಲ ತೆಗೆದುಕೊಂಡ ದಿನದ ಕಾಗದದಲ್ಲಿ ಕೂತಿರುತ್ತದೆ.

ಮೊದಲು ಕಂಪನಿಯ ಮೂಲ ದಾಖಲೆಯಾದ ಮೆಮೊರಾಂಡಂ ನೋಡೋಣ. ಷೇರು ಬಂಡವಾಳದ ಕಂಪನಿಯಾದರೆ ಅದರ ನಾಲ್ಕನೇ ಕಲಮು ಒಂದೇ ವಾಕ್ಯದ್ದು: ಸದಸ್ಯರ ಹೊಣೆ ಸೀಮಿತ, ಅದು ಅವರ ಷೇರುಗಳ ಮೇಲೆ ಇನ್ನೂ ಕಟ್ಟದೆ ಉಳಿದ ಹಣವಿದ್ದರೆ ಅಷ್ಟಕ್ಕೆ ಮಾತ್ರ. 10 ರೂಪಾಯಿ ಮುಖಬೆಲೆಯ ಷೇರಿಗೆ ಪೂರ್ತಿ 10 ಕಟ್ಟಿದ್ದರೆ ಷೇರುದಾರನಾಗಿ ನಿಮ್ಮ ಬಾಕಿ ಸೊನ್ನೆ. 4 ಕಟ್ಟಿದ್ದರೆ ಇನ್ನು 6 ರೂಪಾಯಿ ಕೊಡಬೇಕು. ಕಂಪನಿಯ ಸಾಲ ಕೋಟಿಗೆ ಏರಿದರೂ ಈ 6 ಏರುವುದಿಲ್ಲ.

ಇದು ಸರ್ಕಾರ ಕೊಟ್ಟ ರಿಯಾಯಿತಿ ಅಂತ ಹಲವರು ತಿಳಿದಿದ್ದಾರೆ. ನಿಜವಾದ ಕಾರಣ ಬೇರೆ. ನೋಂದಣಿಯಾದ ಕ್ಷಣದಿಂದ, 2013ರ ಕಂಪನಿ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ಕಂಪನಿ ಕಾನೂನಿನ ಕಣ್ಣಿಗೆ ಬೇರೊಬ್ಬ ವ್ಯಕ್ತಿ. ಆಸ್ತಿ ಅದರದು, ಒಪ್ಪಂದ ಅದರದು, ಸಾಲವೂ ಅದರದೇ. ಪಕ್ಕದ ಮನೆಯವರ ಸಾಲಕ್ಕೆ ನಿಮ್ಮನ್ನು ಹಿಡಿಯಲಾಗದ ಹಾಗೆಯೇ ಇದೂ. ಇದಕ್ಕೆ ಇನ್ನೊಂದು ಮಗ್ಗುಲಿದೆ: ಕಾರ್ಖಾನೆಯ ಲೇತ್ ಮಷಿನು ಕೂಡ ನಿಮ್ಮದಲ್ಲ, ಕಂಪನಿಯದು. ಕಂಪನಿಯ ಖಾತೆಯಿಂದ ಮಗಳ ಮದುವೆಗೆ ದುಡ್ಡು ತೆಗೆದವರು ಈ ಎರಡನೇ ಅರ್ಧವನ್ನು ಮರೆತಿರುತ್ತಾರೆ.

19ನೇ ಶತಮಾನದ ಕೊನೆಯಲ್ಲಿ ಲಂಡನ್ನಿನ ಬೂಟು ವ್ಯಾಪಾರಿ ಆರನ್ ಸಾಲಮನ್ ಪ್ರಕರಣದಲ್ಲಿ ಇದು ಪಕ್ಕಾ ಆಯಿತು. ಕಂಪನಿಯ ಷೇರುಗಳಲ್ಲಿ 20,001 ಆತನ ಬಳಿ, ಹೆಂಡತಿ ಮತ್ತು ಐದು ಮಕ್ಕಳ ಬಳಿ ತಲಾ ಒಂದು. ಕಂಪನಿ ಮುಳುಗಿದಾಗ, ಇದು ಹೆಸರಿಗಷ್ಟೇ ಕಂಪನಿ, ಸಾಲವನ್ನು ಸಾಲಮನ್ನೇ ಹೊರಬೇಕು ಎಂದು ಕಂಪನಿಯ ಆಸ್ತಿ ಮಾರಿ ಸಾಲ ತೀರಿಸಲು ನೇಮಕವಾದ ಲಿಕ್ವಿಡೇಟರ್ ವಾದಿಸಿದರು. ಕೆಳಗಿನ ಕೋರ್ಟುಗಳು ಒಪ್ಪಿದವು, ಹೌಸ್ ಆಫ್ ಲಾರ್ಡ್ಸ್ ಒಪ್ಪಲಿಲ್ಲ. ಷೇರೆಲ್ಲ ಒಬ್ಬನ ಕೈಯಲ್ಲಿದ್ದ ಮಾತ್ರಕ್ಕೆ ಕಂಪನಿಯ ಸಾಲ ಅವನದಾಗುವುದಿಲ್ಲ ಎಂಬುದು ಆ ತೀರ್ಪು. ನಮ್ಮ ಕೋರ್ಟುಗಳೂ ಅದೇ ಜಾಡಿನಲ್ಲಿ ನಡೆದಿವೆ.

ಈಗ ಒಂದು ಲೆಕ್ಕ. ಅಂಕಿ ನಾನು ಇಟ್ಟದ್ದು, ಸ್ವರೂಪ ಮಾತ್ರ ಕೈಗಾರಿಕಾ ಪ್ರದೇಶಗಳಲ್ಲಿ ದಿನವೂ ಕಾಣುವಂಥದ್ದು. ಅಣ್ಣತಮ್ಮಂದಿರ ಕಂಪನಿ, ಇಬ್ಬರೂ ಡೈರೆಕ್ಟರುಗಳು. ಶುರುವಿನಲ್ಲಿ ತಲಾ 5,000 ಷೇರು, ಪೂರ್ತಿ ಹಣ ಕಟ್ಟಿದ್ದಾರೆ. ಆಮೇಲೆ ತಮ್ಮನಿಗೆ 10 ರೂಪಾಯಿಯ 20,000 ಷೇರು ಕೊಟ್ಟು, ಷೇರಿಗೆ 4 ರೂಪಾಯಿ ಮಾತ್ರ ಕಟ್ಟಿಸಿಕೊಂಡಿದ್ದಾರೆ. ಅವನ ಬಾಕಿ 1,20,000. ಕಂಪನಿ ನಿಂತ ದಿನ ಬ್ಯಾಂಕಿಗೆ 50 ಲಕ್ಷ, ಕಬ್ಬಿಣ ಕೊಟ್ಟ ವ್ಯಾಪಾರಿಗಳಿಗೆ 18 ಲಕ್ಷ, ಜಿಎಸ್‌ಟಿ 4 ಲಕ್ಷ, ಒಟ್ಟು 72 ಲಕ್ಷ ಕೊಡಬೇಕು. ಕೆಲಸಗಾರರ ಸಂಬಳ ಚುಕ್ತಾ ಆಗಿದೆ.

ಮಷಿನು ಮತ್ತು ಸರಕು ಬ್ಯಾಂಕಿಗೆ ಅಡವಾಗಿವೆ, ಮಾರಿದಾಗ 26 ಲಕ್ಷ ಬಂತು. ಲಿಕ್ವಿಡೇಟರ್ ತಮ್ಮನಿಂದ 1,20,000 ವಸೂಲಿ ಮಾಡಿದರು. ಮುಚ್ಚುವ ಖರ್ಚೂ ಅಷ್ಟೇ ಆಯಿತು ಅಂತ ಇಟ್ಟುಕೊಳ್ಳಿ. ಉಳಿದ 26 ಲಕ್ಷ ಬ್ಯಾಂಕಿಗೆ ಹೋಗುತ್ತದೆ. ಬ್ಯಾಂಕಿಗೆ 24 ಲಕ್ಷ ಬಾಕಿ ಉಳಿಯಿತು, ವ್ಯಾಪಾರಿಗಳಿಗೆ ಏನೂ ಸಿಗಲಿಲ್ಲ, ಜಿಎಸ್‌ಟಿಗೂ ಇಲ್ಲ.

ಇದೇ ಅಂಗಡಿ ಪಾಲುದಾರಿಕೆ ಫರ್ಮ್ ಆಗಿದ್ದರೆ ಉಳಿದ 46 ಲಕ್ಷಕ್ಕೂ ಇಬ್ಬರ ಮನೆ, ಜಮೀನು ಉತ್ತರ ಹೇಳಬೇಕಿತ್ತು, ಅದೂ ಪೂರ್ತಿ ಮೊತ್ತಕ್ಕೆ ಒಬ್ಬೊಬ್ಬರೂ. ಕಂಪನಿಯಾದ್ದರಿಂದ ಕಬ್ಬಿಣದ ವ್ಯಾಪಾರಿ 18 ಲಕ್ಷಕ್ಕೆ ಅಣ್ಣನ ಮನೆಗೆ ಬರುವಂತಿಲ್ಲ. ಸೀಮಿತ ಹೊಣೆಯಿಂದ ಉಳಿದದ್ದು ಈ 18 ಲಕ್ಷ. ಬ್ಯಾಂಕಿನ 24 ಲಕ್ಷ ಮಾತ್ರ ಉಳಿಯಲಿಲ್ಲ, ಏಕೆಂದರೆ ಅಣ್ಣತಮ್ಮಂದಿರಿಬ್ಬರೂ ಜಾಮೀನು ಪತ್ರಕ್ಕೆ ಸಹಿ ಹಾಕಿದ್ದಾರೆ.

ಈ ಕಾಗದವನ್ನು ಹತ್ತಿರದಿಂದ ನೋಡಬೇಕು. ಸಾಲ ಮಂಜೂರಾದ ದಿನ ಬ್ಯಾಂಕಿನಲ್ಲಿ ದಪ್ಪ ಕಟ್ಟು ಮುಂದಿಡುತ್ತಾರೆ, ಎಲ್ಲೆಲ್ಲಿ ಸಹಿ ಬೇಕೋ ಅಲ್ಲಿ ಪೆನ್ಸಿಲ್ ಗುರುತು. ಹೆಚ್ಚಿನ ಹಾಳೆಗಳಲ್ಲಿ ಕಂಪನಿಯ ಸೀಲು ಒತ್ತಿ, ಅದರ ಕೆಳಗೆ ಡೈರೆಕ್ಟರ್ ಅಂತ ಸಹಿ. ಅಲ್ಲಿ ಸಹಿ ಮಾಡಿದ್ದು ಕಂಪನಿ, ನಿಮ್ಮ ಕೈ ಬಳಕೆಯಾಯಿತು ಅಷ್ಟೇ. ಮಧ್ಯದಲ್ಲಿ ಒಂದು ಪತ್ರ ಬರುತ್ತದೆ. ಅದರ ಮೊದಲ ಪ್ಯಾರಾದಲ್ಲಿ ನಿಮ್ಮ ಹೆಸರು, ತಂದೆಯ ಹೆಸರು, ವಯಸ್ಸು, ವಾಸದ ಮನೆಯ ವಿಳಾಸ ಇರುತ್ತದೆ. ಸಹಿಯ ಜಾಗದಲ್ಲಿ ಸೀಲಿಗೆ ಜಾಗವೇ ಇರುವುದಿಲ್ಲ. ತಂದೆಯ ಹೆಸರು ಕಂಡ ಕೂಡಲೇ ಪೆನ್ನು ಕೆಳಗಿಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಕಂಪನಿಗೆ ತಂದೆ ಇರುವುದಿಲ್ಲ. ಆ ಹಾಳೆಯಲ್ಲಿ ಹೊಣೆ ಹೊರುತ್ತಿರುವುದು ನೀವೇ.

ಕರಾರು ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ, ಪತ್ರದಲ್ಲಿ ಬೇರೆ ಹೇಳಿಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಬ್ಯಾಂಕು ಮೊದಲು ಕಂಪನಿಯನ್ನು ಪೂರ್ತಿ ಹಿಂಡಿ ಆಮೇಲೆ ನಿಮ್ಮ ಹತ್ತಿರ ಬರಬೇಕೆಂಬ ನಿಯಮವಿಲ್ಲ. 24 ಲಕ್ಷವನ್ನು ಅಣ್ಣನೊಬ್ಬನಿಂದಲೇ ಕೇಳಬಹುದು. ಅವನು ಕಟ್ಟಿದ ಮೇಲೆ ತಮ್ಮನಿಂದ 12 ಲಕ್ಷ ವಸೂಲಿ ಮಾಡಿಕೊಳ್ಳುವುದು ಅವರಿಬ್ಬರ ನಡುವಿನ ವಿಷಯ. ಕಂಪನಿ ದಿವಾಳಿ ಪ್ರಕ್ರಿಯೆಯಲ್ಲಿ ಬೇರೆಯವರ ಕೈಗೆ ಹೋಗಿ ಕಂಪನಿಯ ಸಾಲ ಇತ್ಯರ್ಥವಾದರೂ, ಜಾಮೀನುದಾರ ತಾನಾಗಿಯೇ ಬಿಡುಗಡೆ ಹೊಂದುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಮೇ ತಿಂಗಳಲ್ಲಿ ಸ್ಪಷ್ಟವಾಗಿ ಹೇಳಿದೆ.

ಜಾಮೀನೇ ಇಲ್ಲದೆ ಸಾಲ ಸಿಗುವುದು ಸಣ್ಣ ಕಂಪನಿಗೆ ಕಷ್ಟ, ಅದನ್ನು ಒಪ್ಪುತ್ತೇನೆ. ಆದರೆ ಜಾಮೀನಿನ ಅಳತೆ ಚೌಕಾಸಿಗೆ ಸಿಗುತ್ತದೆ. ಅಚ್ಚು ಹಾಕಿಟ್ಟ ನಮೂನೆಯಲ್ಲಿ "ಈಗಿರುವ ಮತ್ತು ಮುಂದೆ ಬರುವ ಎಲ್ಲ ಬಾಕಿ" ಅನ್ನುವ ಅರ್ಥದ ಸಾಲಿರುತ್ತದೆ. ಅದರ ಬದಲು ಈ ಒಂದು ಸಾಲದ ಖಾತೆಗೆ, ಇಷ್ಟು ರೂಪಾಯಿಗೆ, ಇಷ್ಟು ಬಡ್ಡಿಯ ಮಿತಿಗೆ ಅಂತ ಅಂಕಿ ಹಾಕಿಸಬೇಕು. ಇದನ್ನು ಕೇಳಬೇಕಾದದ್ದು ಮಂಜೂರಾತಿ ಪತ್ರ ಬಂದಾಗ. ಸಹಿಯ ಮೇಜಿನ ಮುಂದೆ ಕೂತಾಗ ಕೇಳಿದರೆ ಮ್ಯಾನೇಜರ್ ಕೈಯಲ್ಲೂ ಏನೂ ಇರುವುದಿಲ್ಲ. ಹೆಂಡತಿ ಅಥವಾ ತಾಯಿಯನ್ನು ಕಂಪನಿಯಲ್ಲಿ ಪಾತ್ರವಿಲ್ಲದಿದ್ದರೂ ಜಾಮೀನಿಗೆ ಎಳೆಯುವುದನ್ನು ನಾನು ಯಾವಾಗಲೂ ಪ್ರತಿರೋಧಿಸುತ್ತೇನೆ. ಮನೆ ಅವರ ಹೆಸರಿನಲ್ಲಿರುವುದೇ ಆ ಬೇಡಿಕೆಗೆ ಕಾರಣ ಅನ್ನುವುದು ಎಷ್ಟೋ ಕುಟುಂಬಗಳಿಗೆ ಹೊಳೆಯುವುದೇ ಇಲ್ಲ.

ಜಿಎಸ್‌ಟಿಯ 4 ಲಕ್ಷದ ದಾರಿಯೇ ಬೇರೆ. ಅದಕ್ಕೆ ಯಾರ ಸಹಿಯೂ ಬೇಕಿಲ್ಲ. ಪ್ರೈವೇಟ್ ಕಂಪನಿಯಿಂದ ತೆರಿಗೆ ವಸೂಲಿಯಾಗದಿದ್ದರೆ, ಆ ಬಾಕಿಯ ಅವಧಿಯಲ್ಲಿ ಡೈರೆಕ್ಟರ್ ಆಗಿದ್ದವರೇ ಹೊಣೆ ಎಂದು ಕೇಂದ್ರ ಜಿಎಸ್‌ಟಿ ಕಾಯ್ದೆಯ 89ನೇ ಸೆಕ್ಷನ್ ಹೇಳುತ್ತದೆ. ವಸೂಲಿಯಾಗದ್ದಕ್ಕೆ ತನ್ನ ಘೋರ ನಿರ್ಲಕ್ಷ್ಯ, ದುರ್ವ್ಯವಹಾರ ಅಥವಾ ಕರ್ತವ್ಯಲೋಪ ಕಾರಣವಲ್ಲ ಎಂದು ಡೈರೆಕ್ಟರೇ ಸಾಬೀತು ಮಾಡಿದರೆ ಮಾತ್ರ ಬಚಾವು. ಇಲ್ಲಿ ಕೆಲಸಕ್ಕೆ ಬರುವುದು ಬೋರ್ಡ್ ಸಭೆಗಳ ನಡಾವಳಿ ಪುಸ್ತಕ. ಯಾವ ತಿಂಗಳು ದೊಡ್ಡ ಗ್ರಾಹಕರ ಹಣ ನಿಂತಿತು, ಬಂದ ಹಣ ಯಾವುದಕ್ಕೆ ಹೋಯಿತು, ತೆರಿಗೆ ಬಗ್ಗೆ ಬೋರ್ಡು ಏನು ತೀರ್ಮಾನಿಸಿತು ಎಂಬುದು ಆಯಾ ತಾರೀಖಿನಲ್ಲೇ ಬರೆದಿರಬೇಕು. ತೆರಿಗೆ ಕಟ್ಟದೆ ಅದೇ ತಿಂಗಳು ಡೈರೆಕ್ಟರಿಗೆ ಕಂಪನಿ ಹಣ ಹೋದದ್ದು ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಕಂಡರೆ ಯಾವ ವಿವರಣೆಯೂ ನಿಲ್ಲುವುದಿಲ್ಲ.

ಕಬ್ಬಿಣದ ವ್ಯಾಪಾರಿಯ ಕಡೆಯಿಂದಲೂ ಒಂದು ಅಪಾಯ ಉಳಿದಿದೆ, ಅದು ಚೆಕ್ಕು. ಕಂಪನಿಯ ಚೆಕ್ ಹಣವಿಲ್ಲದೆ ವಾಪಸಾಗಿ, ನೋಟಿಸು ಕೈಸೇರಿದ 15 ದಿನದೊಳಗೆ ಹಣ ಕೊಡದಿದ್ದರೆ, ಕಂಪನಿಯ ಜೊತೆಗೆ ವ್ಯವಹಾರ ನಡೆಸುತ್ತಿದ್ದ ಡೈರೆಕ್ಟರ್ ಮೇಲೂ ಕ್ರಿಮಿನಲ್ ಕೇಸು ಬೀಳುತ್ತದೆ. ಸಾಲದ ಹೊಣೆ ಇಲ್ಲ, ಅಪರಾಧದ ಹೊಣೆ ಇದೆ. ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋದರೂ ಡೈರೆಕ್ಟರ್ ಮೇಲಿನ ಆ ಕೇಸು ನಿಲ್ಲುವುದಿಲ್ಲ. ಹಾಗಾಗಿ ನಗದು ಕಷ್ಟ ಶುರುವಾದ ಕಂಪನಿಗೆ ನಾನು ಮೊದಲು ಹೇಳುವುದು, ಮುಂದಿನ ತಾರೀಖಿನ ಚೆಕ್ ಕೊಡುವುದನ್ನು ಇವತ್ತೇ ನಿಲ್ಲಿಸಿ ಅಂತ. ಕಂಪನಿ ಉಳಿಯುವುದಿಲ್ಲ ಎಂದು ಗೊತ್ತಾದ ಮೇಲೂ ಹೊಸ ಸರಕನ್ನು ಉದ್ರಿ ಎತ್ತುತ್ತಾ ಹೋದರೆ, ದಿವಾಳಿ ಸಂಹಿತೆಯ 66ನೇ ಸೆಕ್ಷನ್ನಿನಡಿ ನಷ್ಟವನ್ನು ಸ್ವಂತ ಕೈಯಿಂದ ಕಟ್ಟಿ ಎಂದು ನ್ಯಾಯಮಂಡಳಿ ಆದೇಶಿಸಬಹುದು.

ಶುರುವಿನ ದಿನಗಳ ತಪ್ಪು ಬೇರೆ. ನೋಂದಣಿಗೆ ಮುಂಚೆಯೇ ಮಷಿನಿಗೆ ಆರ್ಡರ್ ಕೊಟ್ಟು, ಶೆಡ್ಡಿನ ಬಾಡಿಗೆ ಕರಾರು ಮಾಡಿಕೊಂಡಿರುತ್ತಾರೆ. ಹುಟ್ಟದ ಕಂಪನಿ ಸಾಲ ಮಾಡಲಾಗದು, ಆ ಹೊಣೆ ಸಹಿ ಹಾಕಿದವನದೇ. ನೋಂದಣಿ ಪ್ರಮಾಣಪತ್ರ ಬಂದ ಮೇಲೆ ಬೋರ್ಡ್ ನಿರ್ಣಯ ಮಾಡಿ, ಮಾಲೀಕರ ಜೊತೆ ಕಂಪನಿಯ ಹೆಸರಿನಲ್ಲೇ ಹೊಸ ಕರಾರು ಬರೆಸಿ, ಹಳೆಯದು ರದ್ದಾಯಿತು ಎಂದು ಅದರಲ್ಲೇ ಸೇರಿಸುತ್ತೇವೆ. ಷೇರು ಹಣ ಕಂಪನಿಯ ಖಾತೆಗೆ ನಿಜವಾಗಿ ಬಂದ ದಾಖಲೆಯೊಂದಿಗೆ ನೋಂದಣಿಯಾದ 180 ದಿನದೊಳಗೆ ವ್ಯವಹಾರ ಆರಂಭದ ಘೋಷಣೆಯಾದ INC-20A ನಮೂನೆ ಸಲ್ಲಿಸಬೇಕು, ಅದಕ್ಕೆ ಮುಂಚೆ ವ್ಯವಹಾರವಾಗಲಿ ಸಾಲವಾಗಲಿ ಶುರು ಮಾಡುವಂತಿಲ್ಲ. ಬಿಲ್ಲು, ಲೆಟರ್‌ಹೆಡ್ಡಿನಲ್ಲಿ ಕಂಪನಿಯ ಪೂರ್ತಿ ಹೆಸರು, ನೋಂದಾಯಿತ ಕಚೇರಿಯ ವಿಳಾಸ, ಕಂಪನಿಯ ಗುರುತಿನ ಸಂಖ್ಯೆಯಾದ ಸಿಐಎನ್ ಇರಬೇಕು. ಸ್ವಂತ ಹೆಸರಿನ ಯುಪಿಐಗೆ ಹಣ ತರಿಸಿಕೊಂಡು, ಹಳೇ ಅಂಗಡಿಯ ಬಿಲ್‌ಬುಕ್ಕಿನಲ್ಲಿ ಸರಕು ಎತ್ತಿದರೆ, "ನಾನು ಕೊಟ್ಟದ್ದು ಕಂಪನಿಗಲ್ಲ, ಇವರಿಗೆ" ಎಂದು ವ್ಯಾಪಾರಿ ಹೇಳಲು ಪುರಾವೆ ಸಿಗುತ್ತದೆ.

ಕೊನೆಯದಾಗಿ, ಕಂಪನಿ ಬಿಟ್ಟು ಹೋಗುವವರಿಗೆ. ರಾಜೀನಾಮೆ ಕೊಟ್ಟು, ಡೈರೆಕ್ಟರ್ ಬದಲಾವಣೆ ತಿಳಿಸುವ DIR-12 ನಮೂನೆ ಸಲ್ಲಿಕೆಯಾಗಿ, ಷೇರನ್ನೂ ಅಣ್ಣನಿಗೆ ಬರೆದುಕೊಟ್ಟ ತಮ್ಮ ತನಗೂ ಕಂಪನಿಗೂ ಋಣ ಹರಿಯಿತು ಅಂದುಕೊಳ್ಳುತ್ತಾನೆ. ಜಾಮೀನು ಪತ್ರ ಬ್ಯಾಂಕಿನ ಕಪಾಟಿನಲ್ಲಿ ಹಾಗೇ ಇರುತ್ತದೆ. ಮುಂದಿನ ವ್ಯವಹಾರಗಳಿಗೆ ಜಾಮೀನು ಹಿಂತೆಗೆದುಕೊಂಡಿದ್ದೇನೆ ಎಂದು ಬ್ಯಾಂಕಿಗೆ ಲಿಖಿತ ನೋಟಿಸು ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳಬೇಕು. ಆ ದಿನದವರೆಗಿನ ಬಾಕಿಯಿಂದ ಬಿಡುಗಡೆ ಬೇಕಾದರೆ ಬ್ಯಾಂಕೇ ಪತ್ರ ಕೊಡಬೇಕು, ಅದು ಸಾಮಾನ್ಯವಾಗಿ ಬೇರೊಬ್ಬ ಜಾಮೀನುದಾರ ಬಂದ ಮೇಲೆಯೇ ಸಿಗುತ್ತದೆ. ಆ ಪತ್ರ ಕೈಗೆ ಬಂದ ಮೇಲೆ ಷೇರು ವರ್ಗಾವಣೆಗೆ ಸಹಿ ಹಾಕಿ, ಅದಕ್ಕೆ ಮುಂಚೆ ಬೇಡ.