ಮುರುಗಲೂ ಬಿಡಲಿಲ್ಲ, ಹಲ್ಲೂ ಬಿಡಲಿಲ್ಲ

ಶಿರಸಿ ಕಡೆಯವರಿಗೆ ಮುರುಗಲ, ಅಂದರೆ ಕೋಕಂ ಹಣ್ಣಿನ ಪಾನಕ ಮಾಡುವುದನ್ನು ನಾನು ಹೇಳಿಕೊಡಬೇಕಾಗಿಲ್ಲ. ಎರಡು ಬೇಸಿಗೆ ಮನೆಯಲ್ಲೇ ಸಿರಪ್ ಮಾಡಿ ಮಾರಿದೆ. ಪ್ರತಿ ಪಾತ್ರೆಯ ರುಚಿ ನೋಡುವುದು, ಬಾಯಾರಿದರೆ ಅದನ್ನೇ ಗುಟುಕು ಗುಟುಕಾಗಿ ಕುಡಿಯುವುದು. ಇಡೀ ದಿನ ಬಾಯಿ ಹುಳಿ. ಎರಡನೇ ವರ್ಷ ತಣ್ಣೀರು ತಾಗಿದರೂ ಮುಂದಿನ ಹಲ್ಲು ಜುಂ ಅನ್ನತೊಡಗಿತು. ದವಡೆಯ ಎರಡು ಹಲ್ಲಿಗೆ ಫಿಲ್ಲಿಂಗ್ ಬೇರೆ, 3000 ರೂಪಾಯಿ ಹತ್ತಿರ ಹೋಯಿತು.

ಮೊದಲು ಸಕ್ಕರೆ ಜಾಸ್ತಿ ಮಾಡಿದೆ. ನಾಲಿಗೆಗೆ ಹಿತವಾಯಿತು. ಆದರೆ ಹುಳಿ ಅಳೆಯುವ ಪಿಎಚ್ ಪಟ್ಟಿ ಅದ್ದಿ ನೋಡಿದರೆ ಮೊದಲಿನದೇ ಬಣ್ಣ, 2.5ರ ಆಸುಪಾಸು. ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. 5.5ಕ್ಕಿಂತ ಕೆಳಗೆ ಹಲ್ಲಿನ ಗಟ್ಟಿ ಹೊರಪದರ ಎನಾಮೆಲ್ ಕರಗಲು ಶುರು. ನೀರು ಎರಡು ಪಟ್ಟು ಹಾಕಿದೆ, ಪಟ್ಟಿ ಹೆಚ್ಚುಕಡಿಮೆ ಅಲ್ಲೇ ನಿಂತಿತು. ಕೊನೆಗೆ ಅಡುಗೆ ಸೋಡಾ ಹಾಕಿದೆ ನೋಡಿ, ನೊರೆ ಉಕ್ಕಿ ಚೆಂದದ ಕೆಂಪು ಮಾಸಲು ನೇರಳೆಯಾಯಿತು. ರುಚಿ ಸೋಪಿನದು. ನಾಲ್ಕು ಲೀಟರ್ ತೆಂಗಿನ ಬುಡಕ್ಕೆ.

ಗೆದ್ದದ್ದು ನಮ್ಮ ಹಳೇ ತಂಬುಳಿಯಿಂದ. ಏಳೆಂಟು ಒಣಸಿಪ್ಪೆ ತಣ್ಣೀರಲ್ಲಿ ಎರಡು ತಾಸು ನೆನೆಸುತ್ತೇನೆ, ಕುದಿಸುವುದಿಲ್ಲ. ಆ ನೀರು ಒಂದು ಪಾಲು, ಮಜ್ಜಿಗೆ ಮೂರು ಪಾಲು. ಹುಳಿ ಮಜ್ಜಿಗೆ ಬೇಡ, ಅದೇ ದಿನ ಕಡೆದದ್ದು. ಪಟ್ಟಿ 4ರ ಹತ್ತಿರ ಬಂತು. ಮಜ್ಜಿಗೆಯ ಕ್ಯಾಲ್ಸಿಯಂ ಇರುವುದರಿಂದ ಅಷ್ಟು ಹುಳಿಯೂ ಹಲ್ಲನ್ನು ಕಡಿಮೆ ತಿನ್ನುತ್ತದೆ. ಜೀರಿಗೆ ಜೊತೆ ಇನ್ನೊಂದು ಹಾಕುತ್ತೇನೆ, ಅದು ನನ್ನ ಹತ್ತಿರವೇ ಇರಲಿ.

ಕುಡಿಯುವ ಕ್ರಮವನ್ನೂ ಬದಲಿಸಿದೆ. ಊಟದ ಕೊನೆಗೆ ಒಂದೇ ಲೋಟ, ಒಂದೇ ಸಲಕ್ಕೆ. ಆಮೇಲೆ ಬರೀ ನೀರಿನಿಂದ ಬಾಯಿ ಮುಕ್ಕಳಿಸುವುದು. ಒಂದು ತಾಸು ಬ್ರಶ್ ಮುಟ್ಟುವುದಿಲ್ಲ. ಹುಳಿಗೆ ಮೆತ್ತಗಾದ ಎನಾಮೆಲ್ ಉಜ್ಜಿದರೆ ಸವೆಯುತ್ತದೆ. ಮೊದಲು ನಾನು ಹುಳಿ ಕುಡಿದ ಕೂಡಲೇ ಗಸಗಸ ಉಜ್ಜುತ್ತಿದ್ದೆ, ಸ್ವಚ್ಛ ಅಂತ!

ಅತ್ತೆ ನಕ್ಕಿದ್ದರು, "ಹುಳಿನೇ ಇಲ್ಲದ್ದಕ್ಕೆ ಮುರುಗಲು ಯಾಕೆ, ಬರೀ ಮಜ್ಜಿಗೆ ಕುಡಿ" ಅಂತ. ಎರಡು ತಿಂಗಳಲ್ಲಿ ಜುಂ ಅನ್ನುವುದು ನಿಂತ ಮೇಲೆ ಅವರೂ ಲೋಟ ಮುಂದೆ ಹಿಡಿದರು. ಸಿರಪ್ಪಿನ ರುಚಿ ಈಗ ದಿನಕ್ಕೆ ಒಮ್ಮೆ, ಎಲ್ಲ ಪಾತ್ರೆಯದೂ ಒಟ್ಟಿಗೆ ನೋಡುತ್ತೇನೆ.

ಹುಣಸೆ ಮಾತ್ರ ನನ್ನ ಮಾತು ಕೇಳಲಿಲ್ಲ. ಬೆಲ್ಲ, ಮೆಣಸು ಹಾಕಿದ ಹುಣಸೆ ಪಾನಕ ಖಾಲಿ ಹೊಟ್ಟೆಗೆ ಬಿದ್ದರೆ ನನಗೆ ಎದೆ ಉರಿ, ಕುಡಿದು ಮಲಗಿದರೆ ಹುಳಿತೇಗು. ಮೆಣಸು ಬಿಟ್ಟು ಊಟದ ಮೇಲೆ ಅರ್ಧ ಲೋಟ ಕುಡಿದರೆ ತಡೆಯುತ್ತದೆ. ಜಾಸ್ತಿಯಾದರೆ ಭೇದಿ. ಹೊಟ್ಟೆಹುಣ್ಣಿರುವ ನಮ್ಮ ಭಾವನಿಗೆ ಮಜ್ಜಿಗೆ ಮುರುಗಲೂ ಆಗಲಿಲ್ಲ, ಎರಡೇ ಗುಟುಕಿಗೆ ಉರಿ ಬಂತು. ಅವರಿಗೆ ಬರೀ ಜೀರಿಗೆ ನೀರು ಕೊಡುತ್ತೇನೆ.