ಕಂಪನಿಗೆ ಕೊಟ್ಟ ಕೈಸಾಲದ ಪತ್ರ: ನನ್ನ ಅನುಭವ

ಬೆಳಗಾವಿ ಉದ್ಯಮಬಾಗದಾಗ ನಮ್ಮದೊಂದು ಸಣ್ಣ ಫೌಂಡ್ರಿ, ಪ್ರೈವೇಟ್ ಲಿಮಿಟೆಡ್, ಡೈರೆಕ್ಟರ್ ನಾನು ಮತ್ತ ನಮ್ಮ ಮಾವ. ದೊಡ್ಡ ಪಾರ್ಟಿಯಿಂದ ಪೇಮೆಂಟ್ ತಡ ಆತು, ಪಗಾರಕ್ಕ ನನ್ನ ಉಳಿತಾಯದಾಗಿಂದ 6 ಲಕ್ಷ ಹಾಕೋದು ಅಂತ ಆತು. ಮಾವ ಕೇಳಿದ್ರು, "ತಮ್ಮಾ, ಇದು ಶೇರಿನ ರೊಕ್ಕೋ ಸಾಲೋ? ತಿರುಗಿ ಯಾವಾಗ ಕೊಡೂದು?" ಬರೆದಿಡದಿದ್ರ ನಾಳೆ ಇದಽ ಜಗಳ ಆಗ್ತದ ಅನ್ನಿಸ್ತು.

ಸಿಎ ಸಾಹೇಬ್ರು ಹೇಳಿದಂಗ ರೊಕ್ಕ ಹಾಕೋ ದಿನಾನಽ ಪತ್ರ ಬರದೆ. ಅದರಾಗ ಮುಖ್ಯ ಸಾಲು ಒಂದ ಐತಿ: "ಈ ಹಣವನ್ನು ನಾನು ಬೇರೆಯವರಿಂದ ಸಾಲ ಅಥವಾ ಠೇವಣಿ ಪಡೆದು ಕೊಡುತ್ತಿಲ್ಲ." ಕಂಪನಿಗಳಿಗಿರೋ 2014ರ ಡೆಪಾಸಿಟ್ ರೂಲ್ಸ್ ಪ್ರಕಾರ ಡೈರೆಕ್ಟರ್ ರೊಕ್ಕ ಕೊಡುವಾಗಽ ಈ ಘೋಷಣೆ ಬರವಣಿಗೆಯಲ್ಲಿ ಇರಬೇಕು, ಇಲ್ಲಂದ್ರ ಅದು ಡೆಪಾಸಿಟ್ ಅಂತ ಎಣಿಕಿ ಆಗೋ ಅಪಾಯ, ಹಿಂದಿನ ತಾರೀಖು ಹಾಕಿ ಆಮೇಲೆ ಬರೆಯೋದು ಸರಿಯಲ್ಲ. ರೊಕ್ಕ ಬ್ಯಾಂಕಿನಿಂದಽ ಹೋಗಬೇಕು, 20,000 ಮತ್ತು ಅದಕ್ಕಿಂತ ಹೆಚ್ಚಿನ ಸಾಲ ಕ್ಯಾಶ್‌ನಾಗ ತಗೊಳ್ಳಂಗಿಲ್ಲ, ಹಂಗಾಗಿ ಎನ್‌ಇಎಫ್‌ಟಿ ಮಾಡಿ ಯುಟಿಆರ್ ನಂಬರ್ ಪತ್ರದಾಗ ಬರದೆ.

ವಾಪಸ್ ವಿಷಯಕ್ಕ "ಅನುಕೂಲ ಆದಾಗ" ಅಂತ ಬರೀಲಿಲ್ಲ. ಬಡ್ಡಿ ಇಲ್ಲ, ಅಕ್ಟೋಬರ್‌ನಿಂದ ಮಾರ್ಚ್ ತನಕ ಪ್ರತಿ ತಿಂಗಳ 10ಕ್ಕ 1 ಲಕ್ಷ. ಯಾವದಾರ ತಿಂಗಳ ಪಗಾರ, ಜಿಎಸ್‌ಟಿ ಕಟ್ಟಿದ ಮ್ಯಾಲೆ ರೊಕ್ಕ ಉಳೀದಿದ್ರ ಕಂತು ಮುಂದ ಹೋಗ್ತದ, ಆದ್ರ ಹೊಸಾ ತಾರೀಖು ಇಬ್ಬರೂ ಸಹಿ ಮಾಡಿ ಬರೀಬೇಕು. ಬೋರ್ಡ್ ಮೀಟಿಂಗ್‌ನಾಗ ಠರಾವ್ ಮಾಡಿ ಪತ್ರ ಮಿನಿಟ್ಸ್ ಜೋಡಿ ಇಟ್ವಿ. ಆಡಿಟ್‌ನವರು ಎಂಟ್ರಿ ಕೇಳಿದಾಗ ಇದನ್ನಽ ಕೊಟ್ವಿ, ಕಂಪನಿ ತಗೊಂಡ ಡೆಪಾಸಿಟ್, ಸಾಲದ ಲೆಕ್ಕ ಸರ್ಕಾರಕ್ಕ ಕೊಡೋ ಡಿಪಿಟಿ-3 ಫಾರ್ಮ್ ತುಂಬಾಕೂ ಇದಽ ಆಧಾರ ಆತು.