ಆಡಿಯೋಗ್ರಾಮ್ ಓದುವುದು ಹೇಗೆ? ಆಳಕ್ಕಿಂತ ಅಂತರ ನೋಡಿ

ಕಿವಿ ಪರೀಕ್ಷೆ ಮುಗಿದ ಮೇಲೆ ಕೈಗೆ ಸಿಗುವ ಹಾಳೆಯಲ್ಲಿ ಕೆಂಪು, ನೀಲಿ ಗೆರೆಗಳ ನಕ್ಷೆಯೊಂದು ಇರುತ್ತದೆ. ಹೆಚ್ಚಿನವರು ಅದರ ಕೆಳಗಿನ ಒಂದು ಸಾಲನ್ನು ಓದಿ ಹಾಳೆಯನ್ನು ಫೈಲಿಗೆ ಸೇರಿಸುತ್ತಾರೆ. ಆ ಸಾಲಿಗಿಂತ ಹೆಚ್ಚು ವಿಷಯ ನಕ್ಷೆಯಲ್ಲೇ ಇದೆ, ಅದನ್ನು ಓದಲು ವೈದ್ಯರೇ ಆಗಬೇಕೆಂದಿಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮಲ್ಪೆಯ ಟ್ರಾಲ್ ಬೋಟಿನಲ್ಲಿ ವರ್ಷಗಟ್ಟಲೆ ಇಂಜಿನ್ ಪಕ್ಕದಲ್ಲೇ ದುಡಿದ, ಐವತ್ತು ದಾಟಿದ ಒಬ್ಬರು. ಎಡಕಿವಿ ಚಿಕ್ಕಂದಿನಿಂದಲೂ ಮಳೆಗಾಲ ಬಂತೆಂದರೆ ಸೋರುತ್ತದೆ, ತಮಟೆಯಲ್ಲಿ ತೂತಿದೆ. ಬಲಕಿವಿ ಸರಿಯಿದೆ ಎಂದೇ ಅವರ ಲೆಕ್ಕ. ಆದರೆ ಮನೆಯಲ್ಲಿ ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ.

ಮೊದಲು ಎರಡು ಅಂಚುಗಳನ್ನು ನೋಡಿ

ನಕ್ಷೆಯ ಎಡದಿಂದ ಬಲಕ್ಕೆ ಸ್ವರದ ಏರಿಕೆ ಇದೆ. 250 ಹರ್ಟ್ಸ್‌ನಿಂದ 8000 ಹರ್ಟ್ಸ್‌ವರೆಗೆ, ಎಡಕ್ಕೆ ಮದ್ದಳೆಯ ಗುಂಯ್‌ನಂಥ ತಗ್ಗು ಸ್ವರ, ಬಲಕ್ಕೆ ಚಕ್ರತಾಳದ ಕಿಣಿಯಂಥ ಏರು ಸ್ವರ. ಮೇಲಿನಿಂದ ಕೆಳಕ್ಕೆ ಸದ್ದಿನ ಜೋರು, ಡೆಸಿಬೆಲ್‌ನಲ್ಲಿ. ಇಲ್ಲಿ ಸೊನ್ನೆ ಎಂದರೆ ನಿಶ್ಶಬ್ದವಲ್ಲ. ಆರೋಗ್ಯವಂತ ಯುವಕರ ಕಿವಿಗಳಿಗೆ ಸರಾಸರಿಯಾಗಿ ಕೇಳಿಸಲು ಶುರುವಾಗುವ ಮಟ್ಟ ಅದು. ಕೆಲವರಿಗೆ ಅದಕ್ಕಿಂತ ಮೆತ್ತಗಿನ ಸದ್ದೂ ಕೇಳುವುದರಿಂದಲೇ ನಕ್ಷೆ ಮೈನಸ್ 10ರಿಂದ ಆರಂಭವಾಗುತ್ತದೆ.

ಪ್ರತಿ ಗುರುತೂ ಆ ಸ್ವರಕ್ಕೆ ಆ ಕಿವಿಯ ಹೊಸ್ತಿಲು. ಪರೀಕ್ಷಿಸುವವರು ಸಾಮಾನ್ಯವಾಗಿ 1000 ಹರ್ಟ್ಸ್‌ನಿಂದ ತೊಡಗುತ್ತಾರೆ. ನೀವು ಗುಂಡಿ ಒತ್ತಿದರೆ ಸದ್ದನ್ನು 10 ಡೆಸಿಬೆಲ್ ಇಳಿಸುತ್ತಾರೆ, ಒತ್ತದಿದ್ದರೆ 5 ಏರಿಸುತ್ತಾರೆ. ಹೀಗೆ ಹತ್ತಿ ಇಳಿದು, ಸದ್ದು ಕೊಟ್ಟ ಸಲಗಳಲ್ಲಿ ಕನಿಷ್ಠ ಅರ್ಧದಷ್ಟು ಬಾರಿ ನೀವು ಗುಂಡಿ ಒತ್ತಿದ ಅತಿ ಮೆತ್ತಗಿನ ಮಟ್ಟವನ್ನು ಗುರುತು ಹಾಕುತ್ತಾರೆ. ಹೆಜ್ಜೆಯೇ 5ರದ್ದಾದ್ದರಿಂದ, ಇಂದಿನ 20 ನಾಳೆ 25 ಆದರೆ ಗಾಬರಿ ಬೇಡ.

ಒಂದು ಎಚ್ಚರಿಕೆ: ಬೋಟಿನಿಂದ ಇಳಿದವರು ನೇರ ಪರೀಕ್ಷೆಗೆ ಹೋಗಬಾರದು. ಇಂಜಿನ್ ಸದ್ದಿನಿಂದ ಹೊಸ್ತಿಲು ತಾತ್ಕಾಲಿಕವಾಗಿಯೂ ಕೆಟ್ಟಿರುತ್ತದೆ. ಕನಿಷ್ಠ 14 ಗಂಟೆ ಗದ್ದಲದಿಂದ ದೂರವಿದ್ದು ಹೋಗಬೇಕು.

ಒಂದೇ ಕಿವಿಗೆ ಎರಡು ದಾರಿ

ಬಲಕಿವಿಗೆ ಕೆಂಪು ಸೊನ್ನೆ, ಎಡಕ್ಕೆ ನೀಲಿ ಗುಣಿಸು ಚಿಹ್ನೆ. ಇವು ಹೆಡ್‌ಫೋನ್ ಹಾಕಿ ಅಳೆದವು, ಅಂದರೆ ಗಾಳಿಯ ದಾರಿ. ಸದ್ದು ಕಿವಿಯ ಕೊಳವೆ, ತಮಟೆ, ಮೂರು ಪುಟ್ಟ ಮೂಳೆಗಳನ್ನು ದಾಟಿ ಒಳಗಿವಿಗೆ ಹೋಗಬೇಕು. ಇವಲ್ಲದೆ < > ಅಥವಾ [ ] ಗುರುತುಗಳಿರುತ್ತವೆ. ಕಿವಿಯ ಹಿಂದಿನ ಮೂಳೆಯ ಮೇಲೆ ಕಂಪಿಸುವ ಚಿಕ್ಕ ಸಾಧನ ಇಟ್ಟು ಅಳೆದದ್ದು ಅದು, ಮೂಳೆಯ ದಾರಿ. ಇಲ್ಲಿ ಸದ್ದು ತಮಟೆಯನ್ನು ಬಳಸದೆ ಸೀದಾ ಒಳಗಿವಿಗೆ ತಲುಪುತ್ತದೆ.

ಈಗ ಲೆಕ್ಕ ಸುಲಭ. ಮೂಳೆಯ ದಾರಿ ಚೆನ್ನಾಗಿದ್ದು ಗಾಳಿಯ ದಾರಿ ಮಾತ್ರ ಕುಸಿದಿದ್ದರೆ ಅಡ್ಡಿ ಹೊರಗೆ ಅಥವಾ ನಡುಗಿವಿಯಲ್ಲಿದೆ: ಗುಗ್ಗೆ, ತೂತು, ನಡುಗಿವಿಯಲ್ಲಿ ನಿಂತ ದ್ರವ, ಅಂಟಿಕೊಂಡ ಮೂಳೆ. ಇದು ವಹನದ ಕಿವುಡು, ವೈದ್ಯರ ಮಾತಿನಲ್ಲಿ ಕಂಡಕ್ಟಿವ್. ಎರಡೂ ಜೊತೆಯಾಗಿ ಕುಸಿದು, ನಡುವಿನ ಅಂತರ 10 ಡೆಸಿಬೆಲ್ ಒಳಗಿದ್ದರೆ ಅದು ಒಳಗಿವಿಯ ಅಥವಾ ನರದ ಕಿವುಡು. ಮೂಳೆಯ ಗೆರೆಯೂ ಕುಸಿದು, ಅದರ ಕೆಳಗೆ ಗಾಳಿಯ ಗೆರೆ ಇನ್ನೂ ಕುಸಿದಿದ್ದರೆ ಎರಡೂ ಸೇರಿದೆ. ವಹನದ ಕಿವುಡೊಂದೇ ಸುಮಾರು 60 ಡೆಸಿಬೆಲ್ ದಾಟುವುದಿಲ್ಲ. ಅದಕ್ಕಿಂತ ಜೋರು ಸದ್ದು ತಲೆಬುರುಡೆಯ ಮೂಲಕವೇ ಒಳಹೋಗುತ್ತದೆ.

ನಮ್ಮ ಬೋಟಿನವರ ಹಾಳೆ

ಬಲಕಿವಿಯಲ್ಲಿ ಗಾಳಿಯ ದಾರಿ 500 ಮತ್ತು 1000 ಹರ್ಟ್ಸ್‌ನಲ್ಲಿ 15, 2000ದಲ್ಲಿ 25, 4000ದಲ್ಲಿ ಧುಮುಕಿ 60, ಮತ್ತೆ 8000ದಲ್ಲಿ ಮೇಲೆದ್ದು 40. ಮೂಳೆಯ ಗುರುತು 4000ದಲ್ಲಿ 55. ಅಂತರ ಬರೀ 5, ಹಾಗಾಗಿ ಇದು ನರದ ಕಿವುಡು. 4000ದಲ್ಲಿ ತಗ್ಗಿ 8000ದಲ್ಲಿ ಏಳುವ ಈ ಹೊಂಡ ವರ್ಷಗಟ್ಟಲೆ ಕೇಳಿದ ಗದ್ದಲದ ಗುರುತು. ವಯಸ್ಸಿನ ಕಿವುಡಿನಲ್ಲಿ ಗೆರೆ ಸಾಮಾನ್ಯವಾಗಿ ಬಲಕ್ಕೆ ಹೋದಂತೆ ಇಳಿಯುತ್ತಲೇ ಇರುತ್ತದೆ, ಕೊನೆಯಲ್ಲಿ ಏಳುವುದಿಲ್ಲ.

ಕೆಳಗಿನ ಆ ಒಂದು ಸಾಲಿನ ತಾಪತ್ರಯ ಇಲ್ಲಿದೆ. 500, 1000, 2000 ಈ ಮೂರರ ಸರಾಸರಿ ತೆಗೆದರೆ 18 ಬರುತ್ತದೆ, ವರದಿಯಲ್ಲಿ ‘ಬಲಕಿವಿ ಸಾಮಾನ್ಯ’ ಎಂದು ಬೀಳುತ್ತದೆ. ಹೊಂಡ ಆ ಲೆಕ್ಕದಲ್ಲೇ ಇಲ್ಲ. ಸ, ಶ, ಚದಂಥ ಅಕ್ಷರಗಳ ಗುರುತು ಹತ್ತುವುದು ಏರು ಸ್ವರಗಳಿಂದ. ‘ಆಸೆ’ಯೋ ‘ಆಚೆ’ಯೋ ತಿಳಿಯದೆ ಅವರು ಪುನಃ ಕೇಳುವುದು ಇದಕ್ಕೇ. ನನ್ನ ಪ್ರಕಾರ ಸರಾಸರಿ ಎಷ್ಟೇ ಇರಲಿ, 4000ದ ಗುರುತನ್ನು ಬೇರೆಯಾಗಿ ನೋಡಲೇಬೇಕು.

ಎಡಕಿವಿಯಲ್ಲಿ 500ರಲ್ಲಿ ಗಾಳಿ 50, ಮೂಳೆ 15. ಅಂತರ 35, ತೂತಿನ ಕೆಲಸ. 4000ದಲ್ಲಿ ಗಾಳಿ 75, ಮೂಳೆ 55. ಇಲ್ಲಿ ತೂತಿನ ಪಾಲು 20 ಮಾತ್ರ, ಉಳಿದ 55 ಬಲಕಿವಿಯಂತೆಯೇ ಇಂಜಿನ್ನಿನದು. ತಮಟೆಗೆ ತೇಪೆ ಹಾಕುವ ಶಸ್ತ್ರಚಿಕಿತ್ಸೆ ಗಾಳಿಯ ಗೆರೆಯನ್ನು ಹೆಚ್ಚೆಂದರೆ ಮೂಳೆಯ ಗೆರೆಯವರೆಗೆ ತರಬಹುದು. 500ರಲ್ಲಿ ದೊಡ್ಡ ಲಾಭ, 4000ದಲ್ಲಿ ಚಿಕ್ಕದು. ಕಿವಿ ಒಣಗಬಹುದು, ಸದ್ದು ಜೋರಾಗಬಹುದು, ಆದರೆ ‘ಆಸೆ’, ‘ಆಚೆ’ಯ ಗೊಂದಲ ಉಳಿಯುತ್ತದೆ. ಅದಕ್ಕೆ ಶ್ರವಣ ಯಂತ್ರವೇ ಬೇಕಾದೀತು. ಶಸ್ತ್ರಚಿಕಿತ್ಸೆಗೆ ಒಪ್ಪುವ ಮೊದಲೇ ಇದು ಗೊತ್ತಿದ್ದರೆ ಒಳ್ಳೆಯದು. ಅಂದಹಾಗೆ, ತೂತಿರುವ ಕಿವಿಗೆ ತೆಂಗಿನೆಣ್ಣೆ ಬಿಡುವ ನಮ್ಮೂರ ಪದ್ಧತಿ ಬೇಡವೇ ಬೇಡ.

ಹಾಳೆ ಎಲ್ಲಿ ಸುಳ್ಳು ಹೇಳುತ್ತದೆ

ಎಡಗಿವಿಯ ಹಿಂದೆ ಕಂಪನ ಇಟ್ಟರೆ ಇಡೀ ತಲೆಬುರುಡೆ ಅಲುಗುತ್ತದೆ, ಬಲದ ಒಳಗಿವಿಗೂ ಅಷ್ಟೇ ಸದ್ದು ಮುಟ್ಟುತ್ತದೆ. ಎಡದ ನರ ಪೂರ್ತಿ ಸತ್ತಿದ್ದರೂ ರೋಗಿ ‘ಕೇಳ್ತದೆ’ ಎಂದು ಗುಂಡಿ ಒತ್ತುತ್ತಾನೆ, ಉತ್ತರ ಕೊಟ್ಟದ್ದು ಬಲಕಿವಿ. ಹೆಡ್‌ಫೋನಿನ ಸದ್ದೂ ಸುಮಾರು 40 ಡೆಸಿಬೆಲ್ ದಾಟಿದರೆ ಆಚೆ ಕಿವಿಗೆ ಸೋರಬಹುದು. ಆಗ ಸತ್ತ ಕಿವಿಯೂ ನಕ್ಷೆಯಲ್ಲಿ ವಹನದ ಕಿವುಡಿನಂತೆ, ಸರಿಪಡಿಸಬಹುದಾದದ್ದೆಂಬಂತೆ ಕಾಣುತ್ತದೆ. ಇದನ್ನು ತಪ್ಪಿಸಲು ಒಳ್ಳೆಯ ಕಿವಿಗೆ ಶ್‌ ಎನ್ನುವ ಗದ್ದಲ ಕೊಟ್ಟು ಅದನ್ನು ಹಿಡಿದಿಡುತ್ತಾರೆ, ಮಾಸ್ಕಿಂಗ್ ಎನ್ನುತ್ತಾರೆ. ಮಾಸ್ಕಿಂಗ್ ಮಾಡಿದ ಮೂಳೆ ಪರೀಕ್ಷೆಗೆ ಚೌಕ ಆವರಣ [ ], ಮಾಡದ್ದಕ್ಕೆ < >. ಒಂದೇ ಕಿವಿಯಲ್ಲಿ ದೊಡ್ಡ ಅಂತರವಿದ್ದು ಅಲ್ಲಿ ಚೌಕ ಆವರಣ ಇಲ್ಲದಿದ್ದರೆ, ಮಾಸ್ಕಿಂಗ್ ಆಗಿದೆಯೇ ಎಂದು ಕೇಳಿ. ಮಂಗಳೂರು, ಮಣಿಪಾಲಗಳಲ್ಲಿ ಈ ವಿದ್ಯೆ ಕಲಿಸುವ ಕಾಲೇಜುಗಳೇ ಇವೆ, ಪರೀಕ್ಷೆ ಮರುಮಾಡಿಸಲು ದೂರ ಹೋಗಬೇಕಿಲ್ಲ.

ವೈದ್ಯರ ಬಳಿ ಸರಳವಾದ ತಾಳೆಯೂ ಇದೆ. 512 ಹರ್ಟ್ಸ್‌ನ ಶ್ರುತಿಕವೆಯನ್ನು ಹಣೆಯ ನಡುವೆ ಇಟ್ಟರೆ, ವಹನದ ಕಿವುಡಿದ್ದಲ್ಲಿ ಸದ್ದು ಕೆಟ್ಟ ಕಿವಿಯಲ್ಲೇ ಜೋರು, ನರದ್ದಾದರೆ ಒಳ್ಳೆಯ ಕಿವಿಯಲ್ಲಿ. ನಂಬಿಕೆ ಬರದಿದ್ದರೆ ಒಂದು ಕಿವಿಗೆ ಬೆರಳಿಟ್ಟು ಗುನುಗಿ ನೋಡಿ, ಸದ್ದು ಮುಚ್ಚಿದ ಕಡೆಗೇ ವಾಲುತ್ತದೆ.

ಒಂದು ಕಿವಿ ರಾತ್ರಿ ಬೆಳಗಾಗುವುದರೊಳಗೆ ಹೋದರೆ ಮಾತ್ರ ಗುಗ್ಗೆ ಇರಬಹುದೆಂದು ಕಾಯಬೇಡಿ. ನರದ ಹಠಾತ್ ಕಿವುಡಿಗೆ ಸ್ಟಿರಾಯ್ಡ್ ಚಿಕಿತ್ಸೆ ಮೊದಲ ಕೆಲವು ದಿನಗಳಲ್ಲೇ ಶುರುವಾಗಬೇಕು.

ಹಳೆಯ ಹಾಳೆಗಳನ್ನು ಎಸೆಯದೆ ಮುಂದಿನ ಪರೀಕ್ಷೆಗೆ ಒಯ್ಯಿರಿ. ಹೋಲಿಸುವಾಗ ಗಾಳಿಯ ಗೆರೆಯನ್ನಲ್ಲ, ಮೂಳೆಯ ಗೆರೆಯನ್ನು ಹೋಲಿಸಿ. ಗಾಳಿಯದು ಶೀತ, ಮಳೆ, ಗುಗ್ಗೆಗೆಲ್ಲ ಏರಿಳಿಯುತ್ತದೆ. ಮೂಳೆಯದು 10 ಡೆಸಿಬೆಲ್ ಅಥವಾ ಹೆಚ್ಚು ಕುಸಿದಿದ್ದು, ಮರುಪರೀಕ್ಷೆಯಲ್ಲೂ ಹಾಗೇ ಬಂದರೆ ಒಳಗಿವಿಯೇ ಇನ್ನಷ್ಟು ಕೆಟ್ಟಿದೆ ಎಂದರ್ಥ.